ಶೇಂಗಾ ಚಟ್ನಿಪುಡಿಯ ಲೆಕ್ಕದಲ್ಲಿ ನಮ್ಮ ಕೂಲಿ ಎಲ್ಲಿದೆ?

ಅಕ್ಕಂದಿರೇ, ತಂಗಿಯರೇ,

ನಮ್ಮ ಸಂಘ ಏನು ಮಾಡಿ ಮಾರಬೇಕು ಅಂತ ಹೋದ ಸಭೆಯಲ್ಲಿ ಕೇಳಿದಾಗ ಹಪ್ಪಳ, ಫಿನಾಯಿಲು, ಬಟ್ಟೆಚೀಲ ಅಂತ ಎಷ್ಟೋ ಹೆಸರು ಬಂದವು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡೋಣ ಅಂದವರೂ ಇದ್ದರು. ನಾನು ಇವತ್ತು ಒಂದೇ ಹೆಸರು ಹಿಡಿದು ಬಂದಿದ್ದೇನೆ. ಅದು ಶೇಂಗಾ ಚಟ್ನಿಪುಡಿ. ಹಪ್ಪಳಕ್ಕೆ ಬಿಸಿಲು ಬೇಕು, ಮಳೆಗಾಲದಲ್ಲಿ ಕೈ ಕಟ್ಟಿ ಕೂರಬೇಕಾಗುತ್ತದೆ. ಚಟ್ನಿಪುಡಿಗೆ ಆ ತೊಂದರೆಯಿಲ್ಲ. ಹದ ನಮ್ಮ ಕೈಯಲ್ಲೇ ಇದೆ. ಯಾರ ಮನೆಯ ಹದ ಅಂತ ಜಗಳ ಮಾತ್ರ ಶುರುವಾಗುತ್ತದೆ, ಅದನ್ನು ಆಮೇಲೆ ರುಚಿ ನೋಡಿ ತೀರಿಸೋಣ!

ಈಗ ಲೆಕ್ಕ. ಹತ್ತು ಕೆ.ಜಿ. ಪುಡಿಗೆ ಒಂಬತ್ತು ಕೆ.ಜಿ. ಶೇಂಗಾಕಾಳು ಬೇಕು. ಕೆಟ್ಟ ಕಾಳು ತೆಗೆದು, ಹುರಿದು, ಸಿಪ್ಪೆ ಬಿಡಿಸಿದ ಮೇಲೆ ಎಂಟು ಕೆ.ಜಿ. ಸಿಗುತ್ತದೆ ಅಂತ ಹಿಡಿದಿದ್ದೇನೆ. ಕೊಳ್ಳುವ ಒಂಬತ್ತು ಕೆ.ಜಿ.ಗೆ, ಕೆ.ಜಿ.ಗೆ 140 ರೂಪಾಯಿಯಂತೆ 1,260. ಖಾರದಪುಡಿ 280, ಬೆಳ್ಳುಳ್ಳಿ 160, ಜೀರಿಗೆ, ಉಪ್ಪು, ಹುಣಸೆ, ಬೆಲ್ಲ ಸೇರಿ 100. ಒಟ್ಟು 1,800. 200 ಗ್ರಾಮಿನ ಐವತ್ತು ಪ್ಯಾಕೆಟ್ ಆಗುತ್ತವೆ. ಪ್ಯಾಕೆಟ್, ಲೇಬಲ್‌ಗೆ 250, ಗ್ಯಾಸು, ಕರೆಂಟಿಗೆ 150. ಅಲ್ಲಿಗೆ 2,200, ಅಂದರೆ ಪ್ಯಾಕೆಟ್ಟಿಗೆ 44 ರೂಪಾಯಿ.

ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಳ್ಳಬೇಡಿ. ನಾಲ್ಕು ಜನ ಅರ್ಧ ದಿನ ಒಲೆ ಮುಂದೆ ನಿಲ್ಲುತ್ತೇವಲ್ಲ, ಆ ಕೂಲಿ ಎಲ್ಲಿ? ತಲೆಗೆ 200 ಹಿಡಿದರೆ 800. ಈಗ 3,000 ಆಯಿತು, ಪ್ಯಾಕೆಟ್ಟಿಗೆ 60. ನಮ್ಮ ಕೈಕೆಲಸಕ್ಕೆ ಬೆಲೆ ಹಾಕದೆ 60ಕ್ಕೇ ಮಾರಿ "16 ರೂಪಾಯಿ ಲಾಭ" ಅಂತ ಬರೆದುಕೊಂಡರೆ, ಆ ಹದಿನಾರೂ ನಮ್ಮದೇ ಕೂಲಿ.

ಇದಕ್ಕೊಂದು ಸಂಗತಿ ಹೇಳಲೇಬೇಕು. ನಾನು ಹತ್ತಿರದಿಂದ ನೋಡಿದ ಒಂದು ಸಂಘ ಇದೇ ಪುಡಿ ಮಾಡುತ್ತಿತ್ತು. ರುಚಿ ಬಹಳ ಚೆನ್ನಾಗಿತ್ತು. ಒಂದು ಹಬ್ಬದ ಹಿಂದಿನ ದಿನ ಆರ್ಡರು ಜಾಸ್ತಿ ಬಂತು. ಹುರಿದ ಕಾಳು ಪೂರ್ತಿ ಆರುವ ಮೊದಲೇ ಮಿಕ್ಸರಿಗೆ ಹಾಕಿ ಒಂದೇ ಸಮನೆ ತಿರುಗಿಸಿದರು. ಕಾಳು ಎಣ್ಣೆ ಬಿಟ್ಟು ಉಂಡೆಯಾಯಿತು. ಅದನ್ನೇ ಕೈಯಲ್ಲಿ ಬಿಡಿಸಿ ಬೆಚ್ಚಗಿರುವಾಗಲೇ ತುಂಬಿ ಸೀಲು ಹಾಕಿದರು. ಬೆಳಿಗ್ಗೆ ನೋಡಿದರೆ ಪ್ಯಾಕೆಟ್ಟಿನ ಒಳಮೈಗೆ ನೀರಹನಿ. ಬೆಳ್ಳುಳ್ಳಿಯನ್ನೂ ಗರಿಗರಿಯಾಗುವ ತನಕ ಹುರಿದಿರಲಿಲ್ಲ. ಕೆಲವೇ ದಿನಕ್ಕೆ ಗಂಟುಗಟ್ಟಿ ಬೂಷ್ಟು ಬಂತು, ಅಂಗಡಿಯವರು ಎಲ್ಲ ವಾಪಸ್ ಕಳಿಸಿದರು. ಕೂಲಿ ಬರೆಯದ ಸಂಘ ಅದು. ಶೇಂಗಾದ ದುಡ್ಡು ಹೋಯಿತು ಅಂತಷ್ಟೇ ಅತ್ತರು. ಹೋದ ದಿನಗಳ ಲೆಕ್ಕ ಪುಸ್ತಕದಲ್ಲೇ ಇರಲಿಲ್ಲ.

ಹಾಗಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಸಿಪ್ಪೆ ಉಜ್ಜಿದರೆ ಬಿಡಬೇಕು, ಕಾಳು ಮುರಿದರೆ ಒಳಗೂ ತಿಳಿ ಕಂದು ಕಾಣಬೇಕು. ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ, ಮಿಕ್ಸರನ್ನು ತಡೆತಡೆದು ತಿರುಗಿಸಬೇಕು. ಸುರುಟಿದ, ಕಪ್ಪಾದ, ಬೂಷ್ಟು ಹಿಡಿದ ಕಾಳನ್ನು ಹುರಿಯುವ ಮೊದಲೇ ತೆಗೆಯಬೇಕು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಕಾಳು ತಂದರೆ ಪುಡಿ ಬೇಗ ಕಮಟು ಹಿಡಿಯುತ್ತದೆ.

ಬೆಲೆಗೆ ಬರುತ್ತೇನೆ. ಎಂಆರ್‌ಪಿ 80 ಇಡೋಣ. ಅಂಗಡಿಯವರು ನೂರಕ್ಕೆ ಇಪ್ಪತ್ತು ಕೇಳಿದರೆ ನಮಗೆ ಬರುವುದು 64. ಪ್ಯಾಕೆಟ್ಟಿಗೆ ನಾಲ್ಕೇ ರೂಪಾಯಿ, ಐವತ್ತಕ್ಕೆ 200. ಮೂರು ಪ್ಯಾಕೆಟ್ ಹಾಳಾಗಿ ವಾಪಸ್ ಬಂದರೆ 192 ಹೋಯಿತು. ಸಂತೆಯಲ್ಲಿ, ಮನೆಬಾಗಿಲಲ್ಲಿ ನಾವೇ ಮಾರಿದರೆ ಪ್ಯಾಕೆಟ್ಟಿಗೆ 20 ಉಳಿಯುತ್ತದೆ. ಆದ್ದರಿಂದ ಅರ್ಧದಷ್ಟನ್ನಾದರೂ ನಾವೇ ಮಾರಬೇಕು. ಲಾಭ ಕಡಿಮೆ ಕಂಡಿತು ಅಂತ ಕೂಲಿ ಕಡಿತ ಮಾಡೋಣ ಅನ್ನುವವರಿಗೆ ಈಗಲೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ತೂಕದ ಯಂತ್ರ, ಸೀಲಿಂಗ್ ಯಂತ್ರ, ಬಾಣಲೆ, ತಟ್ಟೆ, ಡಬ್ಬಿಗಳಿಗೆ ಸುಮಾರು 8,000. ಮಿಕ್ಸರು ಸದ್ಯಕ್ಕೆ ಮನೆಯದೇ ಸಾಕು. ಮೊದಲ ಎರಡು ಸಲದ ಸಾಮಾನಿಗೆ 4,400. ಸಂಘದ ಉಳಿತಾಯದಿಂದ 12,400 ಬೇಕು, ಎಫ್‌ಎಸ್‌ಎಸ್‌ಎಐ ನೋಂದಣಿಯ ಶುಲ್ಕ ಬೇರೆ. ಆ ನಂಬರು, ತಯಾರಿಸಿದ ದಿನ, ಯಾವಾಗಿನವರೆಗೆ ಬಳಸಬಹುದು, ಶೇಂಗಾ ಇದೆ ಎಂಬ ಎಚ್ಚರಿಕೆ, ಇಷ್ಟು ಲೇಬಲ್ ಮೇಲೆ ಇರಲೇಬೇಕು. ನೋಂದಣಿ ಕೈಗೆ ಬರುವ ತನಕ ಮಾರಾಟ ಬೇಡ. ಅಷ್ಟರಲ್ಲಿ ಒಂದೆರಡು ಕೆ.ಜಿ. ಮಾಡಿ ಪ್ಯಾಕೆಟ್ಟಲ್ಲಿ ಇಟ್ಟು, ವಾರಕ್ಕೊಂದು ಒಡೆದು ವಾಸನೆ ನೋಡೋಣ. ಎಷ್ಟು ದಿನ ಕೆಡುವುದಿಲ್ಲ ಅಂತ ಆಗ ಒಂದು ಅಂದಾಜು ಸಿಗುತ್ತದೆ.

ಕಾಳು ಆರಿಸಿ ಕೊಳ್ಳಲು ಇಬ್ಬರು, ಲೆಕ್ಕ ಬರೆಯಲು ಒಬ್ಬರು ಬೇಕು. ಬರುವವರು ಈಗಲೇ ಕೈ ಎತ್ತಿ. ಲೆಕ್ಕದ ಪುಸ್ತಕದಲ್ಲಿ ಕೂಲಿಗೆ ಬೇರೆ ಕಾಲಂ ಹಾಕಿಯೇ ತಂದಿದ್ದೇನೆ.