ರಿವಿಷನ್ ಮೊದಲು, ಹೊಸ ಪಾಠ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿರುವವರ ಜೊತೆ ಇವತ್ತು ಮಾತಾಡಬೇಕು. ಅದರಲ್ಲೂ ಹಗಲು ಎಲ್ಲೋ ಒಂದು ಕಡೆ ದುಡಿದು, ಬೆಳಿಗ್ಗೆ ಒಂದಿಷ್ಟು, ರಾತ್ರಿ ಒಂದಿಷ್ಟು ಓದುವವರ ಜೊತೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿರುವವರು ಇದ್ದೀರಿ, ಊರಲ್ಲೇ ಕೂತು ಓದುವವರೂ ಇದ್ದೀರಿ. ನಾನು ಇಂಥ ಮಕ್ಕಳಿಗೆ ಹಲವು ವರ್ಷಗಳಿಂದ ಸಂವಿಧಾನ ಪಾಠ ಮಾಡುತ್ತಿದ್ದೇನೆ. ಇವತ್ತು ನಾನು ಹೇಳುವುದು ಒಂದೇ ಮಾತು. ನಿಮ್ಮ ವೇಳಾಪಟ್ಟಿಯಲ್ಲಿ ರಿವಿಷನ್ ಮೊದಲು ಬರಲಿ, ಹೊಸ ಪಾಠ ಆಮೇಲೆ ಬರಲಿ.

ಇದನ್ನು ಒಬ್ಬ ಹುಡುಗಿಯ ಕಥೆಯಿಂದ ಹೇಳುತ್ತೇನೆ. ಸವದತ್ತಿ ಕಡೆಯವಳು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಸಂಜೆ ಆರೂವರೆ. ಒಂದು ಭಾನುವಾರ ಟೆಸ್ಟ್ ಮುಗಿಸಿ ನನ್ನ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. "ಓದೇನ್ರೀ ಸರ್, ಮೂರ್ ಸಲ ಓದೇನಿ. ಪೇಪರ್ ಕೈಗೆ ಬಂದ್ರ ಎಲ್ಲಾ ಕಲಸಿಬಿಡತೈತ್ರಿ" ಅಂದಳು.

ವೇಳಾಪಟ್ಟಿ ತೋರಿಸಮ್ಮ ಅಂದೆ. ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಗೋಡೆಗೆ ಅಂಟಿಸಿದ ದೊಡ್ಡ ಹಾಳೆ, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಬೆಳಿಗ್ಗೆ ನಾಲ್ಕಕ್ಕೆ ಇತಿಹಾಸ, ಆರಕ್ಕೆ ಭೂಗೋಳ, ರಾತ್ರಿ ಏಳಕ್ಕೆ ಸಂವಿಧಾನ, ಒಂಬತ್ತಕ್ಕೆ ವಿಜ್ಞಾನ, ಹನ್ನೊಂದಕ್ಕೆ ಪ್ರಚಲಿತ ಘಟನೆಗಳು. ಕೆಲಸಕ್ಕೆ ಹೋಗುವವಳು ಇಷ್ಟನ್ನು ಮೂರು ದಿನ ನಡೆಸಬಹುದು. ನಾಲ್ಕನೇ ದಿನ ನಿದ್ದೆ ಬಿಡುವುದಿಲ್ಲ. ನಾನು ನೋಡಿದ್ದು ಬೇರೆ. ಆ ಹಾಳೆಯಲ್ಲಿ ರಿವಿಷನ್ ಅನ್ನುವ ಪದ ಒಂದೇ ಕಡೆ ಇತ್ತು. ಕೆಳಗೆ, ಮೂಲೆಯಲ್ಲಿ, "ಕೊನೆಯ ಎರಡು ತಿಂಗಳು" ಅಂತ.

ಆಮೇಲೆ ಅವಳ ಟೆಸ್ಟ್ ಪೇಪರ್ ತೆಗೆದುಕೊಂಡು ಕೂತೆವು. ನೂರು ಪ್ರಶ್ನೆ, ನೂರು ಅಂಕ, ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಅವಳು 92 ಪ್ರಶ್ನೆಗೆ ಉತ್ತರ ಹಾಕಿದ್ದಳು. 48 ಸರಿ, 44 ತಪ್ಪು. ತಪ್ಪಿಗೆ 11 ಅಂಕ ಹೋಯಿತು. ಉಳಿದದ್ದು 37. ಅಷ್ಟಕ್ಕೇ ಬಿಡಲಿಲ್ಲ. ಆ 44 ತಪ್ಪುಗಳ ಮುಂದೆ ಒಂದೊಂದು ಗುರುತು ಹಾಕು ಅಂದೆ. ಓದೇ ಇರಲಿಲ್ಲವಾ? ಓದಿ ಮರೆತೆಯಾ? ಗೊತ್ತಿದ್ದೂ ಪ್ರಶ್ನೆಯನ್ನೇ ತಪ್ಪಾಗಿ ಓದಿದೆಯಾ? 'ಯಾವುದು ಸರಿಯಲ್ಲ' ಅಂತ ಕೇಳಿದ್ದರೆ 'ಯಾವುದು ಸರಿ' ಅಂತ ಓದಿಬಿಡುತ್ತಾರಲ್ಲ, ಅದು ಮೂರನೆಯದು.

ಓದದೇ ಇದ್ದದ್ದು 9. ಪ್ರಶ್ನೆ ತಪ್ಪಾಗಿ ಓದಿದ್ದು 8. ಓದಿ ಮರೆತದ್ದು 27!

ಈ ಲೆಕ್ಕವನ್ನು ಸ್ವಲ್ಪ ಯೋಚನೆ ಮಾಡಿ. ಅವಳು ಹೊಸದಾಗಿ ಒಂದು ಪುಟ ಓದದೇ ಇದ್ದರೂ, ಮೊದಲೇ ಓದಿದ್ದನ್ನು ಕೈಯಲ್ಲಿ ಹಿಡಿದಿಟ್ಟುಕೊಂಡಿದ್ದರೆ ಸಾಕಿತ್ತು. ಆದರೆ ಅವಳು ಆ ವಾರ ಏನು ಮಾಡಬೇಕು ಅಂತಿದ್ದಳು ಗೊತ್ತಾ? ಇನ್ನೊಂದು ಹೊಸ ಪುಸ್ತಕ ಕೊಳ್ಳಬೇಕು ಅಂತಿದ್ದಳು.

ಮರೆತ ಪ್ರಶ್ನೆಗಳಲ್ಲಿ ಒಂದು ನನ್ನದೇ ವಿಷಯದ್ದು. ಸಂವಿಧಾನದ 11ನೇ ಅನುಸೂಚಿಯಲ್ಲಿ ಎಷ್ಟು ವಿಷಯಗಳಿವೆ? ಅವಳು 18 ಅಂತ ಹಾಕಿದ್ದಳು. ಸರಿ ಉತ್ತರ 29. ಹದಿನೆಂಟು ಇರುವುದು 12ನೇ ಅನುಸೂಚಿಯಲ್ಲಿ. ಹನ್ನೊಂದು ಪಂಚಾಯತಿಗಳದ್ದು, 73ನೇ ತಿದ್ದುಪಡಿಯಿಂದ ಬಂದದ್ದು. ಹನ್ನೆರಡು ನಗರಸಭೆ, ಪುರಸಭೆಗಳದ್ದು, 74ನೇ ತಿದ್ದುಪಡಿಯದ್ದು. "ಇದನ್ನ ಓದಿದ್ದೆ ಸರ್" ಅಂದಳು. ನೋಟ್ಸ್ ತೆಗೆದಳು. ಎರಡೂ ಇದ್ದವು. ಹಸಿರು ಬಣ್ಣದಲ್ಲಿ ಗೆರೆ ಬೇರೆ ಎಳೆದಿದ್ದಳು. ಮೂರು ಸಲ ಓದಿದಾಗಲೂ ಆ ಗೆರೆ ಕಣ್ಣಿಗೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದು ಗುರುತು ಸಿಕ್ಕಿತು. ಗುರುತು ಸಿಕ್ಕಿದ್ದನ್ನೇ ನೆನಪು ಅಂದುಕೊಂಡಳು. ಪುಸ್ತಕ ಮುಚ್ಚಿ ಒಂದು ಸಲವೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಇಲ್ಲೇ ಎಲ್ಲರೂ ಎಡವುತ್ತಾರೆ. ರಿವಿಷನ್ ಅಂದರೆ ನೋಟ್ಸನ್ನು ಮತ್ತೆ ಓದುವುದಲ್ಲ. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಂಡು, ನೆನಪಾದದ್ದನ್ನು ಬರೆಯುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದಾರೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ ಇದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಹೋದರು. ನಿಮಗೆ ಪರೀಕ್ಷೆ ಇರುವುದು ಐದು ನಿಮಿಷ ಬಿಟ್ಟು ಅಲ್ಲ, ತಿಂಗಳುಗಟ್ಟಲೆ ಬಿಟ್ಟು. ಹಾಗಾಗಿ ಮತ್ತೆ ಓದಿದಾಗ ಆಗುವ ಆ ಸಮಾಧಾನವನ್ನು ದಯವಿಟ್ಟು ನಂಬಬೇಡಿ.

ಅವತ್ತು ಆ ಬಣ್ಣದ ಹಾಳೆ ತೆಗೆಸಿ, ಹೊಸದು ಬರೆಸಿದೆ. ಅದನ್ನೇ ನಿಮಗೂ ಹೇಳುತ್ತೇನೆ. ಪೆನ್ನು ಹುಡುಕುವುದು ಬೇಡ, ಅಷ್ಟು ಸಣ್ಣದು.

ಐದಕ್ಕೆ ಏಳುವುದು. ಐದು ಇಪ್ಪತ್ತರಿಂದ ಆರು ಐದರವರೆಗೆ, ಮುಕ್ಕಾಲು ಗಂಟೆ, ರಿವಿಷನ್. ಅದಾದ ಮೇಲೆ ಒಂದೂವರೆ ಗಂಟೆ ಹೊಸ ಪಾಠ, ಅದೂ ದಿನಕ್ಕೆ ಒಂದೇ. ಆಮೇಲೆ ಮನೆ, ಅಡುಗೆ, ಅಂಗಡಿ. ಬಸ್ಸಿನಲ್ಲಿ ಏನೂ ಓದುವುದು ಬೇಡ, ಕಣ್ಣು ಮುಚ್ಚಿಕೊಂಡು ಕೂತುಕೋ ಅಂದೆ. ರಾತ್ರಿ ಎಂಟರಿಂದ ಮುಕ್ಕಾಲು ಗಂಟೆ ಹಳೆಯ ಪ್ರಶ್ನೆಪತ್ರಿಕೆಯಿಂದ 25 ಪ್ರಶ್ನೆ. ನಂತರ ಅರ್ಧ ಗಂಟೆ ಸಾಮಾನ್ಯ ಕನ್ನಡ. ಹತ್ತಕ್ಕೆ ಮಲಗುವುದು. ಒಟ್ಟು ಮೂರೂವರೆ ಗಂಟೆ.

"ಇಷ್ಟೇನ್ರೀ ಸರ್?" ಅಂತ ಕೇಳಿದಳು. ಇಷ್ಟೇ. ಹದಿನಾಲ್ಕು ಗಂಟೆ ಬರೆದು ಎರಡು ಗಂಟೆ ಓದುವುದಕ್ಕಿಂತ ಮೂರೂವರೆ ಬರೆದು ಮೂರೂವರೆ ಓದು ಅಂದೆ. ಕೆಲಸವಿಲ್ಲದೆ ಪೂರ್ತಿ ಓದುವವರು ಹೊಸ ಪಾಠವನ್ನು ಎರಡು ಮಾಡಿಕೊಳ್ಳಬಹುದು. ಆಗ ರಿವಿಷನ್ನೂ ಎರಡರಷ್ಟು ಆಗಬೇಕು.

ಆ ಬೆಳಗಿನ ಮುಕ್ಕಾಲು ಗಂಟೆಯಲ್ಲಿ ಯಾವುದನ್ನು ರಿವಿಷನ್ ಮಾಡಬೇಕು? ಇದಕ್ಕೆ ಒಂದು ಡೈರಿ ಸಾಕು. ಇವತ್ತು ಒಂದು ಪಾಠ ಓದಿದಿರಿ ಅಂದುಕೊಳ್ಳಿ, 73ನೇ ತಿದ್ದುಪಡಿ. ಕೂಡಲೇ ಅದರ ಹೆಸರನ್ನು ಡೈರಿಯಲ್ಲಿ ಮುಂದಿನ ಮೂರು ದಿನಗಳ ಪುಟದಲ್ಲಿ ಬರೆದುಬಿಡಿ. ನಾಳೆಯ ಪುಟ, ಏಳು ದಿನ ಬಿಟ್ಟು ಒಂದು ಪುಟ, ಇಪ್ಪತ್ತೊಂದು ದಿನ ಬಿಟ್ಟು ಒಂದು ಪುಟ. ಏಳು, ಇಪ್ಪತ್ತೊಂದು ಅಂತ ಯಾಕೆ ಹೇಳುತ್ತೇನೆ ಅಂದರೆ ವಾರ ಬದಲಾಗುವುದಿಲ್ಲ. ಮಂಗಳವಾರ ಓದಿದ್ದು ಮಂಗಳವಾರವೇ ತಿರುಗಿ ಬರುತ್ತದೆ. ಲೆಕ್ಕ ತಪ್ಪುವುದಿಲ್ಲ.

ಹೀಗೆ ಮಾಡಿದರೆ ಯಾವ ದಿನ ಡೈರಿ ತೆರೆದರೂ ಹೆಚ್ಚೆಂದರೆ ಮೂರು ಹೆಸರು ಇರುತ್ತವೆ. ನಿನ್ನೆಯದು, ಹೋದ ವಾರದ್ದು, ಮೂರು ವಾರದ ಹಿಂದಿನದು. ಒಂದೊಂದಕ್ಕೆ ಹದಿನೈದು ನಿಮಿಷ. ಎಂಟು ನಿಮಿಷ ಮುಚ್ಚಿಟ್ಟು ಬರೆಯುವುದು, ಏಳು ನಿಮಿಷ ತೆರೆದು ತಿದ್ದುವುದು. ಮುಕ್ಕಾಲು ಗಂಟೆ ಸರಿಹೋಯಿತು ನೋಡಿ. ಎಷ್ಟೇ ತಿಂಗಳು ಓದಿದರೂ ಈ ಮೂರು ಮೂರೇ ಇರುತ್ತದೆ, ಬೆಳೆಯುವುದಿಲ್ಲ. ನನಗೆ ತುಂಬ ಇಷ್ಟವಾಗುವುದು ಇದೇ. ಕೊನೆಯಲ್ಲಿ ಬೆಟ್ಟದಂತೆ ನಿಲ್ಲಬೇಕಾದದ್ದು ದಿನಾ ಮುಕ್ಕಾಲು ಗಂಟೆಯಲ್ಲಿ ಕರಗುತ್ತಾ ಹೋಗುತ್ತದೆ.

ಖಾಲಿ ಹಾಳೆಯ ಮೇಲೆ ಅವಳು ಏನು ಬರೆದಳು ಅಂತಲೂ ಹೇಳುತ್ತೇನೆ. ಮರುದಿನ ಬೆಳಿಗ್ಗೆ ಬಂದದ್ದು ಇಷ್ಟು: ಭಾಗ ಒಂಬತ್ತು, 243ನೇ ವಿಧಿ, ಮೂರು ಹಂತ, ಐದು ವರ್ಷದ ಅವಧಿ. 29 ವಿಷಯಗಳನ್ನು ಬಿಟ್ಟಿದ್ದಳು. ಜಾರಿಗೆ ಬಂದ ದಿನ, 1993ರ ಏಪ್ರಿಲ್ 24, ಅದನ್ನೂ ಬಿಟ್ಟಿದ್ದಳು. ಎರಡನ್ನೂ ಕೆಂಪಿನಲ್ಲಿ ಬರೆದಳು. ಏಳನೇ ದಿನ 29 ಬಂತು, ದಿನಾಂಕ ಬರಲಿಲ್ಲ. ಇಪ್ಪತ್ತೊಂದನೇ ದಿನ ಎರಡೂ ಬಂದವು. ಆಮೇಲೆ ಆ 18 ಅವಳನ್ನು ಕಾಡಲಿಲ್ಲ. ಇಪ್ಪತ್ತೊಂದನೇ ದಿನವೂ ಅರ್ಧಕ್ಕಿಂತ ಕಮ್ಮಿ ನೆನಪಾದರೆ ಆ ಪಾಠವನ್ನು ಹೊಸ ಪಾಠ ಅಂತಲೇ ಲೆಕ್ಕ ಹಾಕಿ, ಮೊದಲಿಂದ ಓದಿ.

ಹನ್ನೊಂದು ವಾರ ಕಳೆದು ಅದೇ ಮಾದರಿಯ ಟೆಸ್ಟ್ ಬರೆದಳು. 78 ಪ್ರಶ್ನೆಗೆ ಮಾತ್ರ ಉತ್ತರ ಹಾಕಿದ್ದಳು. 61 ಸರಿ, 17 ತಪ್ಪು. ಕಡಿತ ಕಳೆದು 56.75. ಓದಿ ಮರೆತದ್ದು 27 ಇದ್ದದ್ದು 6ಕ್ಕೆ ಇಳಿದಿತ್ತು. ಹೋದ ತಿಂಗಳು ಅವಳೇ ಈ ವೇಳಾಪಟ್ಟಿಯನ್ನು ಎಂಟು ಚಿತ್ರ ಮಾಡಿ, ಒಂದೊಂದಾಗಿ ಸರಿಸಿ ನೋಡುವ ಹಾಗೆ ಇನ್‌ಸ್ಟಾಗ್ರಾಮಿಗೆ ಹಾಕಿದ್ದಾಳೆ. ಅದರಲ್ಲಿ ಒಂದು ಚಿತ್ರ ತನ್ನ ಡೈರಿಯದ್ದೇ. ಮೂರು ಪುಟಗಳಲ್ಲಿ "ಜ್ವರ, ಓದಿಲ್ಲ" ಅಂತಿದೆ. ಅದನ್ನು ಮುಚ್ಚಿಡದೆ ಹಾಕಿದಳಲ್ಲ, ಬಹಳ ಸಂತೋಷವಾಯಿತು.

ತಪ್ಪಿದ ದಿನಕ್ಕೆ ಏನು ಮಾಡಬೇಕು? ಇದನ್ನು ಎಲ್ಲರೂ ಕೇಳುತ್ತಾರೆ. ಎದ್ದ ಮೇಲೆ ಎರಡು ದಿನದ ಹೊಸ ಪಾಠವನ್ನು ಒಂದೇ ದಿನ ಓದಲು ಹೋಗಬೇಡಿ. ಹೊಸ ಪಾಠ ನಿಲ್ಲಿಸಿ. ಆ ಒಂದೂವರೆ ಗಂಟೆಯನ್ನೂ ಬಾಕಿ ಉಳಿದ ರಿವಿಷನ್ನಿಗೆ ಕೊಡಿ. ಬಾಕಿ ತೀರಿದ ಮೇಲೆ ಹೊಸದು. ಮತ್ತೆ ಅದೇ ಮಾತು, ರಿವಿಷನ್ ಮೊದಲು, ಹೊಸದು ಆಮೇಲೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಭಾನುವಾರ ಹೊಸ ಪಾಠ ಬೇಡ. ಬೆಳಿಗ್ಗೆ ಶನಿವಾರದ ಪಾಠದ ರಿವಿಷನ್, ಆಮೇಲೆ ಗಡಿಯಾರ ಇಟ್ಟುಕೊಂಡು ಒಂದು ಪೂರ್ತಿ ಟೆಸ್ಟ್, ಒಎಂಆರ್ ಹಾಳೆಯಲ್ಲೇ. ತಪ್ಪುಗಳನ್ನು ಆ ಮೂರು ಗುಂಪು ಮಾಡದೆ ಏಳಬೇಡಿ. ಮಧ್ಯಾಹ್ನದ ಮೇಲೆ ರಜೆ. ಪ್ರಚಲಿತ ಘಟನೆಗಳನ್ನು ದಿನಾ ಗಂಟೆಗಟ್ಟಲೆ ವಿಡಿಯೊ ನೋಡುತ್ತಾ ಕೂರಬೇಡಿ. ದಿನಪತ್ರಿಕೆ ಹದಿನೈದು ನಿಮಿಷ, ವಾರಕ್ಕೊಂದು ಪುಟ ನಿಮ್ಮದೇ ಟಿಪ್ಪಣಿ. ಪರೀಕ್ಷೆಗೆ ನಾಲ್ಕು ವಾರ ಇದ್ದಾಗ ಹೊಸ ಪಾಠ ಪೂರ್ತಿ ಬಂದ್. ಆಗ ಆ ಖಾಲಿ ಹಾಳೆಗಳನ್ನೆಲ್ಲ ತೆಗೆಯಿರಿ, ಕೆಂಪು ಪೆನ್ನಿನಲ್ಲಿ ಇರುವುದನ್ನು ಮಾತ್ರ ನೋಡಿ. ನಿಮಗೆ ಬೇಕಾದದ್ದು ಅಷ್ಟರಲ್ಲೇ ಇರುತ್ತದೆ.

ತಂದೆ ತಾಯಂದಿರೂ ಕೇಳುತ್ತಿರಬಹುದು. ನಿಮ್ಮ ಮಗನೋ ಮಗಳೋ ನಾಳೆ ಬೆಳಿಗ್ಗೆ ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆ ಮುಂದೆ ಇಟ್ಟುಕೊಂಡು, ಪೆನ್ನು ಕಚ್ಚುತ್ತಾ ಸುಮ್ನೆ ಕೂತಿದ್ದರೆ "ಪುಸ್ತಕ ತೆಗೆದು ಓದಬಾರದಾ" ಅನ್ನಬೇಡಿ. ಆ ಮುಕ್ಕಾಲು ಗಂಟೆ ಅವರನ್ನು ಹಾಲು ತರಲು ಕಳಿಸಬೇಡಿ. ನಮಸ್ಕಾರ.