ಮೊತ್ತ ಕೂಡದ ಅಡಿಕೆ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಎಷ್ಟೋ ಮನೆಗಳಲ್ಲಿ ಅಡಿಕೆ ಮಾರಿದ ಲೆಕ್ಕ ಎಕ್ಸೆಲ್ ಹಾಳೆಯಲ್ಲಿ ಇರುತ್ತದೆ. ಮಗನೋ ಮಗಳೋ ಟೈಪ್ ಮಾಡಿರುತ್ತಾರೆ, ಒಂದಷ್ಟು ವಾಟ್ಸಾಪಿನಿಂದ, ಒಂದಷ್ಟು ಯಾವುದೋ ಜಾಲತಾಣದಿಂದ ನಕಲಾಗಿ ಬಂದಿರುತ್ತದೆ. ಕೊನೆಗೆ ಮೊತ್ತ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಯಾಕೆ ಕೂಡುವುದಿಲ್ಲ, ಸರಿ ಮಾಡುವುದು ಹೇಗೆ, ಇವತ್ತು ಇಷ್ಟನ್ನೇ ಮಾತಾಡೋಣ.

ಒಂದು ಹಾಳೆ ಎದುರಿಗೆ ಇದೆ ಅಂದುಕೊಳ್ಳಿ. ಬಿ ಕಾಲಂನಲ್ಲಿ ಐದು ಬಿಲ್ಲಿನ ಮೊತ್ತ. ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳಿವು, ಇವತ್ತಿನ ಧಾರಣೆ ಅಂದುಕೊಂಡು ಯಾರೂ ಮಂಡಿಗೆ ಫೋನ್ ಮಾಡಬೇಡಿ. ರಾಶಿ ಮಾರಿದ್ದು 48,500, ಅದರ ಎಡಕ್ಕೆ ರೂಪಾಯಿ ಚಿಹ್ನೆ, ನಡುವೆ ಒಂದು ಖಾಲಿ ಜಾಗ. ಬೆಟ್ಟೆ 52,300, ಅದರ ಎಡಕ್ಕೆ ಇಂಗ್ಲಿಷಿನಲ್ಲಿ ಆರ್ ಎಸ್ ಚುಕ್ಕಿ. ಗೊರಬಲು 36,200, ಅದರ ಬಲಕ್ಕೆ ಚೆಕ್ಕಿನಲ್ಲಿ ಬರೆಯುವ ಹಾಗೆ ಓರೆಗೆರೆ, ಅಡ್ಡಗೆರೆ. ಸರಕು 81,000, ಅದನ್ನು ಬರೀ ಅಂಕಿಯಾಗಿಯೇ ಟೈಪ್ ಮಾಡಿದ್ದಾರೆ. ಕೊನೆಯದು ಇನ್ನೊಂದಿಷ್ಟು ರಾಶಿ, 47,900, ರೂಪಾಯಿ ಚಿಹ್ನೆಯ ಜೊತೆ. ಕೈಯಲ್ಲಿ ಕೂಡಿದರೆ 2,65,900. ಎಕ್ಸೆಲ್ ತೋರಿಸುವುದು 81,000 ಮಾತ್ರ.

ಅದು ತಪ್ಪು ಕೂಡಿಲ್ಲ. SUM ಅನ್ನುವ ಸೂತ್ರಕ್ಕೆ ಒಂದು ಸಾಲಿನ ಕೋಶಗಳನ್ನು ಕೊಟ್ಟರೆ, ಅದು ಸಂಖ್ಯೆಗಳನ್ನು ಮಾತ್ರ ಕೂಡಿ, ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಮ್ಮ ನಾಲ್ಕು ಬಿಲ್ಲು ಅದರ ಕಣ್ಣಿಗೆ ಹೆಸರು, ಊರಿನ ಹಾಗೆ ಬರೀ ಅಕ್ಷರ. ಮೊತ್ತ ಸೊನ್ನೆ ಬಂದಿದ್ದರೆ ಯಾರಾದರೂ ಗಾಬರಿಯಾಗಿ ನೋಡುತ್ತಿದ್ದರು. 81,000 ಬಂದಾಗ ಇರಬಹುದೇನೋ ಅನ್ನಿಸುತ್ತದೆ. ಅಪಾಯ ಇರುವುದು ಅಲ್ಲೇ.

ಗುರುತು ಹಿಡಿಯುವುದು ಸುಲಭ. ಕಾಲಂನ ಜೋಡಣೆಯನ್ನು ಯಾರೂ ಮುಟ್ಟಿಲ್ಲದಿದ್ದರೆ ಸಂಖ್ಯೆ ಕೋಶದ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಇನ್ನೂ ಖಚಿತ ಬೇಕಾದರೆ ಎರಡು ಸೂತ್ರ ಬರೆದುಕೊಳ್ಳಿ.

```
=COUNTA(B2:B6)
=COUNT(B2:B6)
```

ಮೊದಲನೆಯದು ತುಂಬಿರುವ ಕೋಶ ಎಷ್ಟು ಅಂತ ಹೇಳುತ್ತದೆ, ಎರಡನೆಯದು ಅದರಲ್ಲಿ ಸಂಖ್ಯೆ ಎಷ್ಟು ಅಂತ. ನಮ್ಮ ಹಾಳೆಯಲ್ಲಿ ಐದು ಮತ್ತು ಒಂದು ಬರುತ್ತದೆ. ಎರಡೂ ಒಂದೇ ಆಗುವ ತನಕ ಕೆಲಸ ಮುಗಿದಿಲ್ಲ ಅಂತ ತಿಳಿಯಿರಿ.

ಬಹಳ ಜನ ಮೊದಲು ಮಾಡುವುದು, ಕಾಲಂ ಆರಿಸಿ ಅದರ ಫಾರ್ಮ್ಯಾಟನ್ನು Number ಅಂತ ಬದಲಿಸುವುದು. ಏನೂ ಆಗುವುದಿಲ್ಲ. ಫಾರ್ಮ್ಯಾಟು ಒಳಗಿರುವುದನ್ನು ಹೇಗೆ ತೋರಿಸಬೇಕು ಅಂತ ಹೇಳುತ್ತದೆಯೇ ಹೊರತು ಒಳಗಿರುವುದನ್ನು ಬದಲಿಸುವುದಿಲ್ಲ. ಬೇಡದ ಚಿಹ್ನೆಗಳನ್ನು ನಾವೇ ಕಿತ್ತುಹಾಕಬೇಕು.

ಮೊದಲು ಹಾಳೆಯ ಒಂದು ನಕಲು ಇಟ್ಟುಕೊಳ್ಳಿ. ಆಮೇಲೆ ಬಿ ಕಾಲಂನ ಆ ಐದು ಕೋಶಗಳನ್ನು ಮಾತ್ರ ಆರಿಸಿ, ಕಂಟ್ರೋಲ್ ಮತ್ತು ಎಚ್ ಒತ್ತಿ. Find and Replace ಅನ್ನುವ ಪೆಟ್ಟಿಗೆ ತೆರೆಯುತ್ತದೆ. ಕೋಶಗಳನ್ನು ಆರಿಸದೆ ಒಂದೇ ಕೋಶದ ಮೇಲೆ ಕೂತು Replace All ಒತ್ತಿದರೆ ಅದು ಇಡೀ ಹಾಳೆಯ ಮೇಲೆ ಓಡುತ್ತದೆ. ಖಾಲಿ ಜಾಗ ತೆಗೆಯಲು ಹೋಗಿ ಪಕ್ಕದ ಕಾಲಂನಲ್ಲಿದ್ದ ಹೆಸರು, ಇನಿಶಿಯಲ್ಲು, ಊರು ಎಲ್ಲ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ.

ಮೇಲಿನ ಖಾನೆಯಲ್ಲಿ ರೂಪಾಯಿ ಚಿಹ್ನೆ ಹಾಕಿ, ಕೆಳಗಿನದನ್ನು ಖಾಲಿ ಬಿಟ್ಟು Replace All ಒತ್ತಿ. ಹಾಗೆಯೇ ಓರೆಗೆರೆ ಅಡ್ಡಗೆರೆ ತೆಗೆಯಿರಿ, ಅಲ್ಪವಿರಾಮ ತೆಗೆಯಿರಿ. ಆರ್ ಎಸ್ ತೆಗೆಯುವಾಗ ಮಾತ್ರ ಸ್ವಲ್ಪ ನಿಧಾನ. ಅದರ ಜೊತೆ ಚುಕ್ಕಿಯನ್ನೂ ಸೇರಿಸಿ ಹುಡುಕಬೇಕು. ಬರೀ ಆರ್ ಎಸ್ ತೆಗೆದರೆ 52,300ರ ಎಡಕ್ಕೆ ಚುಕ್ಕಿ ಉಳಿಯುತ್ತದೆ, ಅಲ್ಪವಿರಾಮ ಹೋದ ಕೂಡಲೇ ಎಕ್ಸೆಲ್ ಅದನ್ನು ದಶಮಾಂಶ ಅಂತ ಓದುತ್ತದೆ. ಐವತ್ತೆರಡು ಸಾವಿರದ ಮುನ್ನೂರು ಹೋಗಿ 0.523 ಆಗುತ್ತದೆ, ಅಂದರೆ ಅರ್ಧ ರೂಪಾಯಿ ಚಿಲ್ಲರೆ. ಅದು ನಿಜವಾದ ಸಂಖ್ಯೆಯೇ ಆದ್ದರಿಂದ ನಮ್ಮ ಎಣಿಕೆಯ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ಇದನ್ನು ಹಿಡಿಯಲು ಇನ್ನೊಂದು ಸೂತ್ರ ಬೇಕು:

```
=MIN(B2:B6)
```

ಅತಿ ಚಿಕ್ಕ ಬಿಲ್ಲು ಒಂದು ರೂಪಾಯಿಗಿಂತ ಕಡಿಮೆ ಅಂತ ಬಂದರೆ ಎಲ್ಲೋ ಚುಕ್ಕಿ ಉಳಿದಿದೆ.

ಇನ್ನು ಖಾಲಿ ಜಾಗ. ಹೆಚ್ಚು ಸತಾಯಿಸುವುದು ಇದೇ. ಸ್ಪೇಸ್ ಬಾರ್ ಒತ್ತಿ ಬಂದ ಖಾಲಿ ಜಾಗವಾದರೆ ಅದೇ ಪೆಟ್ಟಿಗೆಯಲ್ಲಿ ಒಂದು ಸ್ಪೇಸ್ ಹಾಕಿ ತೆಗೆಯಬಹುದು. ಜಾಲತಾಣದ ಕೋಷ್ಟಕದಿಂದ ನಕಲು ಮಾಡಿದಾಗ ಬೇರೆಯದೇ ಒಂದು ಸ್ಪೇಸ್ ಬರುತ್ತದೆ. ಚಿಹ್ನೆ ಒಂದು ಸಾಲಿನಲ್ಲಿ, ಅಂಕಿ ಮುಂದಿನ ಸಾಲಿನಲ್ಲಿ ಒಡೆದು ಬೀಳದಿರಲಿ ಅಂತ ಪುಟ ಮಾಡಿದವರು ಹಾಕಿರುವ ಸ್ಪೇಸ್ ಅದು. ನೋಡಲು ಎರಡೂ ಒಂದೇ, ಒಳಗಿನ ಸಂಕೇತ ಬೇರೆ. ಮಾಮೂಲಿ ಸ್ಪೇಸಿನದು 32, ಇದರದು 160. ಖಾಲಿ ಜಾಗ ತೆಗೆಯುವುದಕ್ಕೆಂದೇ ಇರುವ TRIM ಸೂತ್ರಕ್ಕೆ ಗೊತ್ತಿರುವುದು 32 ಒಂದೇ. ನಮ್ಮ ಕೊನೆಯ ಬಿಲ್ಲನ್ನು ನೋಡಿ: ಚಿಹ್ನೆ ತೆಗೆದರೂ, ಅಲ್ಪವಿರಾಮ ತೆಗೆದರೂ 47900 ಎಡಕ್ಕೇ ಅಂಟಿಕೊಂಡಿದೆ. ಅದರ ಬಾಲದಲ್ಲಿ ಏನಿದೆ ಅಂತ ಹೀಗೆ ಕೇಳಿ:

```
=UNICODE(RIGHT(B6,1))
```

160 ಅಂತ ಉತ್ತರ ಬಂದರೆ ಕಳ್ಳ ಸಿಕ್ಕಿದ ಹಾಗೆ. ಆ ಕೋಶದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಕೊನೆಯ ಖಾಲಿ ಜಾಗವನ್ನಷ್ಟೇ ಹಿಡಿದು ನಕಲು ಮಾಡಿ, ಎಸ್ಕೇಪ್ ಒತ್ತಿ ಹೊರಗೆ ಬನ್ನಿ. ಐದೂ ಕೋಶ ಮತ್ತೆ ಆರಿಸಿ, ಹುಡುಕುವ ಖಾನೆಯಲ್ಲಿ ಅದನ್ನೇ ಅಂಟಿಸಿ Replace All. ಅಷ್ಟಕ್ಕೆ 47900 ಬಲಕ್ಕೆ ಸರಿಯುತ್ತದೆ. ಮೊದಲ ಬಿಲ್ಲಿನ ನಡುವೆ ಇದ್ದದ್ದೂ ಇದೇ ಸ್ಪೇಸ್ ಆಗಿದ್ದರೆ ಅದೂ ಜೊತೆಗೇ ಹೋಗುತ್ತದೆ. ಮೂಲ ಕಾಲಂ ಮುಟ್ಟುವುದು ಬೇಡ ಅನ್ನುವವರು ಪಕ್ಕದ ಕಾಲಂನಲ್ಲಿ ಈ ಸೂತ್ರ ಹಾಕಬಹುದು:

```
=VALUE(SUBSTITUTE(B6,UNICHAR(160),""))
```

VALUE ರೂಪಾಯಿ ಚಿಹ್ನೆಯನ್ನು ಒಪ್ಪುವುದು ಬಿಡುವುದು ಆ ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗಿನ ಮೇಲೆ ನಿಂತಿದೆ. ಭಾರತ ಅಂತ ಇದ್ದರೆ ಒಪ್ಪುತ್ತದೆ, ಅಮೆರಿಕ ಅಂತ ಇದ್ದರೆ ದೋಷ ತೋರಿಸುತ್ತದೆ. ನಮ್ಮ ಮನೆಯಲ್ಲಿ ಬಂದ ಉತ್ತರ ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ ಬರಲಿಲ್ಲ ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಇದು. ಹಾಗಾಗಿ ಚಿಹ್ನೆಯನ್ನು ಮೊದಲೇ ತೆಗೆದುಬಿಡುವುದು ಕ್ಷೇಮ.

ಎಲ್ಲ ತೆಗೆದ ಮೇಲೂ ಅಂಕಿ ಎಡಕ್ಕೇ ಇದ್ದರೆ ಆ ಕಾಲಂಗೆ Text ಅನ್ನುವ ಫಾರ್ಮ್ಯಾಟು ಕೊಟ್ಟಿರುತ್ತಾರೆ. ಅದನ್ನು General ಮಾಡಿ, Data ಪಟ್ಟಿಯಲ್ಲಿ Text to Columns ತೆರೆದು, ಏನನ್ನೂ ಬದಲಿಸದೆ Finish ಒತ್ತಿ. ಎಕ್ಸೆಲ್ ಪ್ರತಿಯೊಂದನ್ನೂ ಹೊಸದಾಗಿ ಓದಿಕೊಳ್ಳುತ್ತದೆ. ಈಗ ಎಣಿಕೆ ಐದಕ್ಕೆ ಐದು, ಮೊತ್ತ 2,65,900. ರೂಪಾಯಿ ಚಿಹ್ನೆ ಕಾಣಲೇಬೇಕು ಅನ್ನುವವರು ಅದನ್ನು ಟೈಪ್ ಮಾಡಬೇಡಿ, Currency ಫಾರ್ಮ್ಯಾಟಿನಿಂದ ತನ್ನಿ. ಆಗ ಚಿಹ್ನೆ ಕಣ್ಣಿಗೆ ಮಾತ್ರ, ಕೋಶದ ಒಳಗೆ ಶುದ್ಧ ಅಂಕಿ.

ಇದೇ ಹುಮ್ಮಸ್ಸಿನಲ್ಲಿ ಪಕ್ಕದ ಕಾಲಂಗಳಿಗೆ ಕೈ ಹಾಕಬೇಡಿ. ಎಕ್ಸೆಲ್ ಸಂಖ್ಯೆಯಲ್ಲಿ ನೆನಪಿಡುವುದು ಹದಿನೈದು ಅಂಕಿಯನ್ನಷ್ಟೇ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಹೀಗೆ ಬದಲಿಸಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಶುರುವಾಗುವ ಖಾತೆಯ ಮೊದಲ ಸೊನ್ನೆಯೂ ಹೋಗುತ್ತದೆ. ಪಹಣಿಯ ಸರ್ವೆ ನಂಬರು 12/3 ಅಂತ ಇದ್ದರೆ ಅದು ತಾರೀಖಾಗಿಬಿಡುತ್ತದೆ. ಆ ಕಾಲಂಗಳು Text ಆಗಿಯೇ ಇರಲಿ, ಅವನ್ನು ಯಾರೂ ಕೂಡುವುದಿಲ್ಲವಲ್ಲ.

ನಮಸ್ಕಾರ.