ಗಾಲಿಯ ಪಕ್ಕ ನಿಂತವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ವರ್ಷದ ರಥೋತ್ಸವ ಸುಸೂತ್ರವಾಗಿ ಮುಗಿದು ತೇರು ನೆಲೆ ಸೇರಿದೆ. ಮಿಣಿ ಎಳೆದ ಕೈಗಳು ಸಾವಿರಾರು. ಎಳೆಯದೆ, ದೇವರತ್ತ ತಲೆಯೆತ್ತಿ ನೋಡುವುದಕ್ಕೂ ಬಿಡುವಿಲ್ಲದೆ ದುಡಿದ ದೇವಸ್ಥಾನ ಟ್ರಸ್ಟಿನ ಸ್ವಯಂಸೇವಕರಿಗೆ ಇವತ್ತಿನ ಕೃತಜ್ಞತೆ.

ಮೊದಲು ಗಾಲಿಯ ಪಕ್ಕ ನಿಂತವರಿಗೆ. ತೇರಿಗೆ ಬ್ರೇಕಿಲ್ಲ, ಸ್ಟಿಯರಿಂಗ್ ಇಲ್ಲ. ಎಡಗಾಲಿಗೆ ಮರದ ತುಂಡು ಕೊಟ್ಟರೆ ಎಡಗಾಲಿ ತಡೆಯುತ್ತದೆ, ತೇರು ಎಡಕ್ಕೆ ತಿರುಗುತ್ತದೆ. ಅಷ್ಟೇ ಅದರ ಚುಕ್ಕಾಣಿ. ಮಿಣಿ ಹಿಡಿದವರಿಗೆ ಗಾಲಿ ಕಾಣದು, ಗಾಲಿಯವರಿಗೆ ಮುಂದಿನ ದಾರಿ ಕಾಣದು. ಡೊಳ್ಳು, ಜಯಘೋಷಗಳ ನಡುವೆ ಕೂಗಿದರೂ ಕೇಳಿಸದು. ಹಾಗಾಗಿ ಎತ್ತರದಲ್ಲಿ ನಿಂತು ಬಟ್ಟೆ ಬೀಸಿ ಸನ್ನೆ ಮಾಡಿದವರ ಕಣ್ಣೇ ಎಲ್ಲರ ಕಣ್ಣು.

ಅಲ್ಲಿ ಅಪಾಯ ತರುವುದು ಹೆಚ್ಚಾಗಿ ಬಾಳೆಹಣ್ಣು. ಭಕ್ತರು ದವನ ಸಿಕ್ಕಿಸಿ ಕಳಶದತ್ತ ಎಸೆದ ಹಣ್ಣು ಗಾಲಿಯ ಬುಡಕ್ಕೆ ಬೀಳುತ್ತದೆ. ಪ್ರಸಾದವೆಂದು ಆಯಲು ಯಾರೋ ಬಗ್ಗುತ್ತಾರೆ, ಹಿಂದಿನಿಂದ ಜನ ನೂಕುತ್ತಾರೆ. ತುಳಿದ ಹಣ್ಣಿನ ಮೇಲೆ ತುಂಡು ಕೊಡುವವರ ಕಾಲೇ ಜಾರಬಹುದು. ಹಗ್ಗ ಹಿಡಿದು ಗಾಲಿಯಿಂದ ಜನರನ್ನು ದೂರವಿಟ್ಟವರು, ತೇರು ನಿಂತ ಗಳಿಗೆಯಲ್ಲಷ್ಟೇ ಒಳಹೊಕ್ಕು ಹಣ್ಣನ್ನು ಬುಟ್ಟಿಗೆ ತುಂಬಿ, ಜಾರುವ ಕಡೆ ಒಣಮರಳು ಚೆಲ್ಲಿದವರು, ನಿಮಗೆ ಕೈಮುಗಿದು ವಂದನೆ.

ತೇರು ನಿಂತ ಕೂಡಲೇ ಎಲ್ಲರೂ ಒಟ್ಟಿಗೆ ಊಟಕ್ಕೆ ಬರುತ್ತಾರೆ. ತಲೆಗೆ ನೂರು ಗ್ರಾಂ ಅಕ್ಕಿಯ ಲೆಕ್ಕದಲ್ಲಿ ನಾಲ್ಕು ಸಾವಿರ ಜನರಿಗೆ ನಾಲ್ಕು ಕ್ವಿಂಟಲ್ ಬೇಕು. ಅಷ್ಟನ್ನೂ ಮೊದಲೇ ಬೇಯಿಸಿ ರಾಶಿ ಹಾಕಿದರೆ ಬಿಸಿ ಒಳಗೇ ಉಳಿದು, ನಡುವಿನ ಅನ್ನ ಬೆವರಿ ಮುದ್ದೆಯಾಗಿ ಹಳಸುತ್ತದೆ. ಅಡುಗೆಯವರು ಅರ್ಧ ಅಕ್ಕಿಯನ್ನು ತೊಳೆದು ಸಿದ್ಧವಿಟ್ಟು, ಪಂಕ್ತಿಗಳು ಏಳುವುದನ್ನು ನೋಡಿಕೊಂಡು ಒಲೆಗೇರಿಸಿದ್ದು ಅದಕ್ಕೇ. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆಯಷ್ಟೇ ಬೆರೆಸಿದ್ದೂ ಅಷ್ಟೇ ಜಾಣತನ. ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟು, ಎಲೆಯ ಮೇಲೆ ಅದು ಅನ್ನದವರೆಗೂ ಹರಿಯುತ್ತದೆ. ಹೊಸ ಪಂಕ್ತಿ ಕೂರುವ ತನಕ ಬಾಗಿಲಲ್ಲಿ ಸಾಲು ತಡೆದು, ಮುದುಕರನ್ನೂ ಕೂಸಿನ ತಾಯಂದಿರನ್ನೂ ಮುಂದೆ ಬಿಟ್ಟವರ ತಾಳ್ಮೆ ದೊಡ್ಡದು.

ಸ್ವಚ್ಛತೆಯ ತಂಡದ ಕೆಲಸ ಎಂಜಲೆಲೆ ಎತ್ತುವಾಗಲೇ ಶುರು. ಎಲೆಯೊಳಗೆ ಪ್ಲಾಸ್ಟಿಕ್ ಲೋಟ ಮಡಚಿಕೊಂಡು ಹೋದರೆ ಆಮೇಲೆ ಬೇರ್ಪಡಿಸುವುದು ಕಷ್ಟ, ದನದ ಹೊಟ್ಟೆಗೆ ಹೋದರೆ ಜೀವಕ್ಕೇ ಸಂಚಕಾರ. ಊಟದ ಸಾಲಿನ ತುದಿಯಲ್ಲೇ ಎರಡು ಡಬ್ಬಿ ಇಟ್ಟು ನಿಂತು, ಒಂದೊಂದು ಎಲೆಯನ್ನೂ ಬಿಡಿಸಿ ನೋಡಿದಿರಿ. ತೇರುಬೀದಿಯ ಈಡುಗಾಯಿ ಚೂರುಗಳನ್ನು ಬರಿಗಾಲಿನವರು ಬರುವ ಮುಂಚೆಯೇ ಗುಡಿಸಿದಿರಿ.

ಎಲ್ಲರೂ ಮನೆ ಸೇರಿದ ಮೇಲೂ ಕೆಲವರು ಉಳಿದಿದ್ದರು. ಪಾನಕ, ನೀರು ಬಿದ್ದು ಒದ್ದೆಯಾದ ಮಿಣಿಯನ್ನು ಹಾಗೇ ಸುತ್ತಿಟ್ಟರೆ ಒಳಎಳೆ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ, ಮುಂದಿನ ವರ್ಷ ಎಳೆಯುವಾಗ ಹರಿಯುತ್ತದೆ. ಅದನ್ನು ಉದ್ದಕ್ಕೆ ಹಾಸಿ, ಎರಡು ದಿನ ಬಿಸಿಲಿಗೆ ತಿರುಗಿಸಿ ಒಣಗಿಸಿ, ಕೈಯಾಡಿಸಿ ನೋಡಿ ಅಟ್ಟಕ್ಕೇರಿಸಿದ ನಿಮಗೂ ಧನ್ಯವಾದ. ನಮಸ್ಕಾರ.